ಮಳ್ಯಾಗ ಒಣಗೂದ ತಾ

ಬಮ್ಮಿಗಟ್ಟಿಯ ಮನೆಗೆ ಹೊಸ ಟವೆಲ್, ಬೆಡ್‌ಶೀಟ್, ದಿಂಬು ತರುವ ಪಾಳಿ ಈ ವರ್ಷ ನನ್ನದು. ಬಣ್ಣ, ಬ್ರ್ಯಾಂಡು ಯಾವುದನ್ನೂ ಅವ್ವ ಕೇಳಲಿಲ್ಲ. ಫೋನಿನಲ್ಲಿ ಹೇಳಿದ್ದು ಒಂದೇ ಮಾತು: “ಎಂಥಾದರ ತಾ, ಮಳ್ಯಾಗ ಒಣಗೂದ ತಾ.”

ಮಾತು ಸಣ್ಣದಲ್ಲ. ನಮ್ಮ ಕಲಘಟಗಿ ಸೀಮೆ ನವಲಗುಂದದ ಹಾಗೆ ಬಯಲಲ್ಲ, ಅರೆಮಲೆನಾಡು. ಮಳೆ ಹಿಡಿದರೆ ದಿನಗಟ್ಟಲೆ ಬಿಸಿಲಿರೋದಿಲ್ಲ. ಮನೆಯಲ್ಲಿ ವಾಷಿಂಗ್ ಮಷಿನ್ ಇಲ್ಲ, ಅವ್ವನಿಗೆ ಬಲಭುಜದ ನೋವು. ಹಾಗಾಗಿ ನಾನು ನೋಡಬೇಕಾದ್ದು ಮೆತ್ತಗಿದೆಯಾ ಅನ್ನೋದನ್ನಷ್ಟೇ ಅಲ್ಲ. ಒದ್ದೆಯಾದಾಗ ಎಷ್ಟು ಭಾರ, ಎಷ್ಟು ಹೊತ್ತಿಗೆ ಒಣಗುತ್ತದೆ ಅನ್ನೋದನ್ನು.

ಮೊದಲು ಟವೆಲ್. ಲೇಬಲ್ ಮೇಲೆ ಜಿಎಸ್‌ಎಂ ಅಂತ ಒಂದು ಸಂಖ್ಯೆ ಇರುತ್ತದೆ. ಅಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಂ ಲೆಕ್ಕದಲ್ಲಿ. 70 ಸೆಂ.ಮೀ. ಅಗಲ, 140 ಸೆಂ.ಮೀ. ಉದ್ದದ ಸ್ನಾನದ ಟವೆಲ್ ಹೆಚ್ಚುಕಡಿಮೆ ಒಂದು ಚದರ ಮೀಟರ್ ಆಗುತ್ತದೆ. 500 ಜಿಎಸ್‌ಎಂ ಆದರೆ ಅದು ಒಣಗಿದ್ದಾಗಲೇ ಅರ್ಧ ಕೆ.ಜಿ. ಕೈಯಲ್ಲಿ ಹಿಂಡಿದ ಮೇಲೂ ಸುಮಾರು ತನ್ನ ತೂಕದಷ್ಟೇ ನೀರು ಅದರಲ್ಲಿ ಉಳಿಯುತ್ತದೆ. ನಾಲ್ಕು ಟವೆಲ್ ಒಗೆದರೆ ಅವ್ವ ಹಗ್ಗದ ಮೇಲೆ ಎತ್ತಿ ಹಾಕಬೇಕಾದ್ದು ನಾಲ್ಕು ಕೆ.ಜಿ. ಅದೇ ಅಳತೆಯ 300 ಜಿಎಸ್‌ಎಂ ಟವೆಲ್ ಆದರೆ ಎರಡೂವರೆ ಕೆ.ಜಿ.ಗಿಂತ ಕಡಿಮೆ. ಉಳಿದ ನೀರು ಕಡಿಮೆ ಇದ್ದಷ್ಟು ಬೇಗ ಒಣಗುತ್ತದೆ, ಮುಗ್ಗಲು ವಾಸನೆಯೂ ಹತ್ತಿರ ಬರೋದಿಲ್ಲ. ಹೋಟೆಲಿನ ದಪ್ಪ ಟವೆಲ್ ಚೆಂದ ನಿಜ, ಆದರೆ ಅಲ್ಲಿ ಒಣಗಿಸೋಕೆ ಯಂತ್ರ ಇರುತ್ತದೆ.

ತೆಳ್ಳಗಿದ್ದರೆ ನೀರು ಹೀರುತ್ತದಾ? ಹೀರುತ್ತದೆ. ಟೆರ್ರಿ ಟವೆಲ್‌ನ ಎರಡೂ ಮೈಮೇಲೆ ಸಣ್ಣ ದಾರದ ಕುಣಿಕೆಗಳಿರುತ್ತವೆ, ನೀರನ್ನು ಹೀರೋದು ಅವೇ. ಕುಣಿಕೆ ಒತ್ತಾಗಿವೆಯಾ ಅಂತ ಬೆರಳಿಂದ ಸರಿಸಿ ನೋಡಿ. ತಳದ ನೇಯ್ಗೆ ಸುಲಭಕ್ಕೆ ಕಾಣಬಾರದು. ಭೌಗೋಳಿಕ ಸೂಚಕ ಪಡೆದ ಸೊಲ್ಲಾಪುರದ ಟೆರ್ರಿ ಟವೆಲ್‌ಗಳು ನಮ್ಮ ಹುಬ್ಬಳ್ಳಿ ಪೇಟೆಗೂ ಬರುತ್ತವೆ. ಹೊಸ ಟವೆಲ್ ಮೇಲೆ ಒಂದು ಹನಿ ನೀರು ಬಿಟ್ಟರೆ ಮುತ್ತಿನ ಹಾಗೆ ನಿಲ್ಲಬಹುದು. ಅದು ಹತ್ತಿಯ ದೋಷ ಅಲ್ಲ, ಮೆತ್ತಗೆ ಕಾಣಲಿ ಅಂತ ಕಾರ್ಖಾನೆಯಲ್ಲಿ ಹಚ್ಚಿದ ಲೇಪ. ಎರಡು-ಮೂರು ಸಲ ಒಗೆದ ಮೇಲೆ ಮತ್ತೆ ಹನಿ ಬಿಡಿ. ಆಗಲೂ ನಿಂತರೆ ಬಟ್ಟೆಯಲ್ಲಿ ಪಾಲಿಯೆಸ್ಟರ್ ಹೆಚ್ಚಿರಬಹುದು. ಒಗೆಯುವಾಗ ಫ್ಯಾಬ್ರಿಕ್ ಕಂಡೀಷನರ್ ಹಾಕಬೇಡಿ, ಅದು ಮತ್ತೆ ಅಂಥದ್ದೇ ಲೇಪ ಕಟ್ಟುತ್ತದೆ.

ಬೆಡ್‌ಶೀಟಿಗೆ ಸಾದಾ ನೇಯ್ಗೆಯ ಹತ್ತಿಯೇ ನನ್ನ ಆಯ್ಕೆ. ಅದರಲ್ಲಿ ದಾರ ಒಂದರ ಮೇಲೆ, ಒಂದರ ಕೆಳಗೆ ಹಾಯುತ್ತದೆ, ಪ್ರತಿ ಎಳೆಗೂ ಹಿಡಿತ ಇರುತ್ತದೆ. ಸ್ಯಾಟೀನ್ ನೇಯ್ಗೆಯಲ್ಲಿ ಒಂದೇ ಎಳೆ ಮೂರು-ನಾಲ್ಕು ಎಳೆ ದಾಟಿ ಸಾಗುತ್ತದೆ. ಅದರ ಹೊಳಪು ಬರೋದು ಅಲ್ಲಿಂದ, ಕಲ್ಲಿನ ಮೇಲೆ ಕುಕ್ಕಿದಾಗ ಎಳೆ ಎದ್ದು ಬರೋದೂ ಅಲ್ಲಿಂದಲೇ. ಅಂಗಡಿಯಲ್ಲೇ ಬಟ್ಟೆಯ ಒಂದು ಮೂಲೆ ಹಿಡಿದು ಜೋರಾಗಿ ತಿಕ್ಕಿ. ಬಿಳಿ ಪುಡಿ ಉದುರಿದರೆ ಅದು ಗಂಜಿ. ಒಂದು ಒಗೆತಕ್ಕೆ ಬಟ್ಟೆ ಜಾಳಾಗುತ್ತದೆ. ಆಮೇಲೆ ಒದ್ದೆ ಕರವಸ್ತ್ರ ತಿಕ್ಕಿದರೆ ಬಣ್ಣ ಬಿಡುತ್ತದಾ ಅನ್ನೋದೂ ಗೊತ್ತಾಗುತ್ತದೆ. ಹತ್ತಿ ಒಗೆದಾಗ ಕುಗ್ಗುತ್ತದೆ, ಅದಕ್ಕೇ ಗಾದಿಯ ಕೆಳಗೆ ಮಡಚಲು ಬೇಕಾದ್ದಕ್ಕಿಂತ ನಾಲ್ಕೈದು ಇಂಚು ಹೆಚ್ಚಿಗೆ ಇರೋದು ತಗೊಂಡೆ.

ದಿಂಬಿನ ವಿಷಯದಲ್ಲಿ ಮಾತ್ರ ಒಂದೇ ಉತ್ತರ ಇಲ್ಲ. ಪಾಲಿಯೆಸ್ಟರ್ ಫೈಬರ್ ದಿಂಬನ್ನು ಇಡಿಯಾಗಿ ಒಗೆಯಬಹುದು, ಬೇಗ ಒಣಗುತ್ತದೆ. ಆದರೆ ದಿನ ಕಳೆದ ಹಾಗೆ ಚಪ್ಪಟೆಯಾಗುತ್ತದೆ. ಎರಡಾಗಿ ಮಡಚಿ ಬಿಡಿ. ತಾನಾಗಿ ಬಿಚ್ಚಿಕೊಳ್ಳದಿದ್ದರೆ ಅದರ ಆಯುಷ್ಯ ಮುಗೀತು ಅಂತಲೇ ಅರ್ಥ. ಬೂರುಗದ ಹತ್ತಿ ಹಗುರ, ನೀರು ಹೀರೋದಿಲ್ಲ. ಆದರೆ ನೀರಿಗೆ ಹಾಕಿ ಹಿಂಡಿದರೆ ಮುದ್ದೆಗಟ್ಟುತ್ತದೆ, ಬಿಸಿಲಿಗೆ ಹಾಕೋದಷ್ಟೇ ಅದಕ್ಕೆ ದಾರಿ. ಸಾದಾ ಹತ್ತಿ ಬೆವರು ಹೀರಿ ಗಂಟುಗಟ್ಟುತ್ತದೆ, ಅದನ್ನು ಇಡಿಯಾಗಿ ಒಗೆದರೆ ಒಳಗೆ ತೇವ ಉಳಿದು ಬೂಸ್ಟು ಹಿಡಿಯುತ್ತದೆ. ಆದರೆ ಹತ್ತಿ ಹೊರಗೆ ತೆಗೆದು ಪಿಂಜಾರರ ಕಡೆ ಹಿಂಜಿಸಿದರೆ ಅದೇ ಹತ್ತಿ ಮತ್ತೆ ಅರಳುತ್ತದೆ. ಅದು ದಿಂಬಿಗೆ ಎರಡನೇ ಜನ್ಮ.

ಅವ್ವನಿಗೆ ತಗ್ಗು ದಿಂಬೇ ರೂಢಿ. ಅದಕ್ಕೇ ಅವಳ ಹಳೇ ಹತ್ತಿ ದಿಂಬನ್ನು ಮೇ ಬಿಸಿಲಿನಲ್ಲೇ ಹಿಂಜಿಸಿ, ಮೊದಲಿಗಿಂತ ತುಸು ಕಡಿಮೆ ಹತ್ತಿ ತುಂಬಿಸಿದೆವು. ಒಳಗೆ ಒತ್ತು ನೇಯ್ಗೆಯ ಜಿಪ್ ಕವರ್, ಮೇಲೆ ಸಾದಾ ಗವಸಣಿಗೆ ಹಾಕಿದೆವು. ಮಳೆಗಾಲದಲ್ಲಿ ಒಗೆಯೋದು ಆ ಎರಡು ತೆಳು ಬಟ್ಟೆಗಳನ್ನು ಮಾತ್ರ, ದಿಂಬನ್ನಲ್ಲ. ಬಂದುಹೋಗುವವರಿಗೆ ಎರಡು ಫೈಬರ್ ದಿಂಬು ತಂದೆ.