ಓದುವ ಮೇಜಿನ ತಂಬಿಗೆ

ಸೊಲ್ಲಾಪುರದ ಬೇಸಿಗೆಯಲ್ಲಿ ಪದವಿ ಪರೀಕ್ಷೆಗೆ ಓದುತ್ತಿದ್ದಾಗ, ಪದೇ ಪದೇ ಮೇಲೇಳಬೇಕಾದೀತೆಂದು ನಾನು ನೀರನ್ನೇ ಕುಡಿಯುತ್ತಿರಲಿಲ್ಲ. ಮೂರು ಗಂಟೆಯ ಹೊತ್ತಿಗೆ ತಲೆ ಸಿಡಿಯುತ್ತಿತ್ತು. ಓದಿದ ಸಾಲನ್ನೇ ಮತ್ತೆ ಓದುತ್ತಿದ್ದೆ. ಬುದ್ಧಿ ಮಂದವಾಯಿತೆಂದು ಅಂಜಿ, ಆ ವರ್ಷ ಪರೀಕ್ಷೆ ಬಿಡುವ ಮಾತಾಡಿದೆ.

“ದಿನಕ್ಕ ನೀರೆಷ್ಟ ಕುಡೀತಿ?” ಎಂದಳು ಅವ್ವ. ಉತ್ತರಿಸಲಾಗಲಿಲ್ಲ. ಮೂತ್ರದ ಗಾಢ ಹಳದಿಯನ್ನು ಕಂಡೂ ಕಡೆಗಣಿಸಿದ್ದೆ.

ಮೇಜಿಗೆ ತಂಬಿಗೆ ಬಂತು. ಗಂಟೆಗೊಂದು ಲೋಟ, ಗುಟುಕು ಗುಟುಕಾಗಿ. ಏಳುವುದೇ ಬೆನ್ನಿಗೆ ವ್ಯಾಯಾಮವಾಯಿತು. ಮಧ್ಯಾಹ್ನ ಅನ್ನದ ರಾಶಿಯ ಬದಲು ಎರಡು ಜೋಳದ ರೊಟ್ಟಿ, ಕಾಳುಪಲ್ಯ, ಉಪ್ಪು ಹಾಕಿದ ಮಜ್ಜಿಗೆ. ಉಂಡ ಮೇಲೆ ಪಡಸಾಲೆಯಲ್ಲಿ ಹತ್ತು ನಿಮಿಷದ ನಡಿಗೆ. ವಾರದೊಳಗೆ ತಲೆನೋವು ನಿಂತಿತು. ತೂಕಡಿಕೆ ಮಾತ್ರ, ರಾತ್ರಿ ಎರಡರವರೆಗಿನ ಓದನ್ನು ಬಿಟ್ಟ ಮೇಲೆಯೇ ಹೋಯಿತು.