ಪರಿಚಯ ಮಾಡಿಸುವವನ ಉಸಿರು

ಸಭೆಯ ಕೆಲಸಗಳಲ್ಲಿ ಯಾರೂ ಕೇಳಿ ಪಡೆಯದ ಕೆಲಸವೆಂದರೆ ಅತಿಥಿಗಳ ಪರಿಚಯ. ಪ್ರಾರ್ಥನೆಗೆ ಹೈಸ್ಕೂಲಿನ ಹುಡುಗಿಯರಿದ್ದಾರೆ. ಸ್ವಾಗತ ಕಾರ್ಯದರ್ಶಿಗೆ ಮೀಸಲು, ಹಾರ ತಂದವರು ಅವರೇ ಆದ್ದರಿಂದ. ವಂದನಾರ್ಪಣೆಯ ಹೊತ್ತಿಗೆ ಜನರೆಲ್ಲ ಊಟದ ಕಡೆ ನಡೆದಿರುತ್ತಾರೆ, ಹಾಗಾಗಿ ಅದು ಅಂಜುಬುರುಕರ ಪುಣ್ಯ. ಪರಿಚಯವೊಂದು ಮಾತ್ರ ಸಭೆ ಗಿಜಿಗುಡುತ್ತಿರುವಾಗ, ಅತಿಥಿ ಪಕ್ಕದಲ್ಲೇ ಕೂತು ತನ್ನ ಬಗ್ಗೆ ಏನೆನ್ನುತ್ತಾರೋ ಎಂದು ಕಿವಿಗೊಟ್ಟಿರುವಾಗ ಆಗಬೇಕು.

ಕತ್ತಲಗೆರೆಯಲ್ಲಿ ಈ ಕೆಲಸಕ್ಕೆ ಬರವಿಲ್ಲ. ಕೃಷಿ ಸಂಶೋಧನಾ ಕೇಂದ್ರ ಊರಲ್ಲೇ ಇರುವುದರಿಂದ ಭತ್ತದವರು, ಅಡಿಕೆಯವರು, ಮಣ್ಣಿನವರು ಎಂದು ತಿಳಿದವರು ಬಂದು ಹೋಗುತ್ತಲೇ ಇರುತ್ತಾರೆ. ರೈತರ ಸಭೆಗೆ ಕರೆದ ಮೇಲೆ ಇವರು ಯಾರೆಂದು ಯಾರಾದರೂ ಹೇಳಬೇಕಲ್ಲ. ನನ್ನ ಕೈಬರಹ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ಅದು ನನ್ನ ಪಾಲಿಗೆ ಬಂತು. ಬರೆಯುವುದಕ್ಕೂ ಓದುವುದಕ್ಕೂ ನಡುವೆ ಒಂದು ಗಂಟಲಿದೆ ಎಂಬುದು ಕಮಿಟಿಯವರ ಲೆಕ್ಕದಲ್ಲಿ ಇರಲಿಲ್ಲ.

ನನ್ನನ್ನು ಈ ಗಂಟಲಿನಿಂದ ಕಾಪಾಡಿದವರು ನಮ್ಮ ಕಡೆಯ ಹಳ್ಳಿಗಳಲ್ಲಿ ನಾಟಕ ಕಲಿಸುತ್ತಿದ್ದ ಹಾರ್ಮೋನಿಯಂ ಮೇಷ್ಟ್ರು. ಈಗಿಲ್ಲ. ದಾವಣಗೆರೆಯಲ್ಲಿ ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಕಾಲವನ್ನು ಕಣ್ಣಾರೆ ಕಂಡವರು. ಸುಗ್ಗಿ ಮುಗಿದು ಗದ್ದೆ ಖಾಲಿಯಾದಾಗ ಊರೂರಿಗೆ ಪೆಟ್ಟಿಗೆ ಹೊತ್ತು ಹೋಗಿ, ಓದು ಬಾರದ ಹುಡುಗರ ಬಾಯಲ್ಲೂ ಪುಟಗಟ್ಟಲೆ ಮಾತು ಆಡಿಸುತ್ತಿದ್ದರು. ಹೆದರಿಕೆ ಹೋಗಿಸುವುದು ಹೇಗೆಂದು ನಾನು ಕೇಳಿದ್ದಕ್ಕೆ ನಕ್ಕರು. ‘ಹೆದರಿಕೆ ಎಲ್ಲೂ ಹೋಗಲ್ಲ ಕಣಯ್ಯ. ಅದಕ್ಕೆ ಉಸಿರಾಡೋದನ್ನ ಕಲಿಸಬೇಕು, ಅಷ್ಟೇ.’

ಮೊದಲ ಪಾಠವೇ ನಾನು ತಿಳಿದಿದ್ದಕ್ಕೆ ಉಲ್ಟಾ. ಗಾಬರಿಯಾದವನಿಗೆ ಎಲ್ಲರೂ ಹೇಳುವುದು ‘ಜೋರಾಗಿ ಉಸಿರು ತಗೋ’ ಎಂದು. ಮೇಷ್ಟ್ರು ‘ಮೊದಲು ಇರೋದನ್ನ ಬಿಡು’ ಎಂದರು. ಹೆದರಿದವನ ಎದೆಯಲ್ಲಿ ಗಾಳಿಗೆ ಕೊರತೆಯಿರುವುದಿಲ್ಲ. ಎಳೆದುಕೊಂಡದ್ದನ್ನು ಪೂರ್ತಿ ಬಿಡದೆ ಅದರ ಮೇಲೆಯೇ ಮತ್ತೆ ಎಳೆಯುತ್ತಿರುತ್ತಾನೆ. ಹೆಗಲು ಕಿವಿಯ ಕಡೆ ಏರುತ್ತದೆ, ಕತ್ತು ಬಿಗಿಯುತ್ತದೆ, ಧ್ವನಿ ತೆಳ್ಳಗಾಗಿ ಮೇಲಕ್ಕೆ ಹೋಗುತ್ತದೆ. ಆದ್ದರಿಂದ ಬಾಯಿಂದ ಸದ್ದಿಲ್ಲದೆ ಪೂರ್ತಿ ಬಿಡಬೇಕು. ಆಮೇಲೆ ಮೂಗಿನಿಂದ ತಾನಾಗಿ ಬಂದಷ್ಟು ಬರಲಿ. ಸರಿಯಾಗಿ ಬಂತೋ ಇಲ್ಲವೋ ಎಂಬುದಕ್ಕೆ ಅವರ ಪರೀಕ್ಷೆ ಉಡಿದಾರ. ಉಸಿರು ಕೆಳಗೆ ಇಳಿದಿದ್ದರೆ ಉಡಿದಾರ ಬಿಗಿಯಬೇಕು, ಹೆಗಲು ಅಲುಗಬಾರದು. ಉಡಿದಾರ ಬಿಟ್ಟವರು ಬೆಲ್ಟಿನಲ್ಲೂ ನೋಡಿಕೊಳ್ಳಬಹುದು.

ಎರಡನೆಯ ಪಾಠ ಎಣಿಕೆ: ಪ್ರಾರ್ಥನೆ ಮತ್ತು ಸ್ವಾಗತ ನಡೆಯುವಾಗ, ಕುರ್ಚಿಯಲ್ಲಿ ಕೂತೇ, ಮನಸ್ಸಿನಲ್ಲಿ ನಾಲ್ಕು ಎಣಿಸುವಷ್ಟು ಹೊತ್ತು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ. ಹೊರಗಿನದು ಯಾಕೆ ಉದ್ದ ಎಂಬುದನ್ನು ಯಾರು ಬೇಕಾದರೂ ಮಣಿಕಟ್ಟಿನ ನಾಡಿ ಹಿಡಿದು ತಿಳಿಯಬಹುದು: ಉಸಿರು ಎಳೆಯುವಾಗ ನಾಡಿ ಸ್ವಲ್ಪ ಚುರುಕಾಗುತ್ತದೆ, ಬಿಡುವಾಗ ನಿಧಾನವಾಗುತ್ತದೆ. ಬಿಡುವ ಹೊತ್ತನ್ನು ಹಿಗ್ಗಿಸಿದರೆ ನಿಧಾನದ ಪಾಲು ಹೆಚ್ಚು. ಆದರೆ ಇದನ್ನು ಮೆಲ್ಲಗೆ ಮಾಡಬೇಕು. ಉತ್ಸಾಹ ಹೆಚ್ಚಾಗಿ ತಿದಿ ಒತ್ತಿದಂತೆ ಎಳೆದು ಬಿಟ್ಟರೆ ಬೆರಳ ತುದಿ ಜುಮುಜುಮು ಎನ್ನುತ್ತದೆ, ತಲೆ ಸುತ್ತುತ್ತದೆ. ಉಸಿರು ಅತಿಯಾಯಿತು ಎಂಬುದಕ್ಕೆ ಅದೇ ಗುರುತು. ಆಗ ಎಣಿಕೆ ನಿಲ್ಲಿಸಿ ಸುಮ್ಮನೆ ಕೂರುವುದು ಒಳ್ಳೆಯದು. ಇಷ್ಟೆಲ್ಲ ಮಾಡಿದರೂ ಕಾಲು ನಡುಗುವುದು ಪೂರ್ತಿ ನಿಲ್ಲುವುದಿಲ್ಲ. ಕಾಲನ್ನು ಮೇಜು ಮುಚ್ಚುತ್ತದೆ. ಕಾಗದ ಹಿಡಿದ ಕೈ ಹಾಗಲ್ಲ, ಬೆರಳಿನ ಸಣ್ಣ ನಡುಕವನ್ನು ಹಾಳೆ ಹಿಂದಿನ ಸಾಲಿಗೂ ತೋರಿಸುತ್ತದೆ. ಅದಕ್ಕೇ ಹಾಳೆಯ ಕೆಳಗೆ ಒಂದು ರಟ್ಟು.

ಅಭ್ಯಾಸಕ್ಕೆ ಮೇಷ್ಟ್ರು ಆರಿಸಿಕೊಂಡದ್ದು ಜೆ.ಎಚ್. ಪಟೇಲರನ್ನು. ಚನ್ನಗಿರಿ ತಾಲ್ಲೂಕಿನಲ್ಲಿ ಪಟೇಲರ ಪರಿಚಯ ಯಾರಿಗೂ ಬೇಕಿಲ್ಲ, ಹಾಗಾಗಿ ವಿಷಯದ ಚಿಂತೆ ಬಿಟ್ಟು ಉಸಿರಿನ ಚಿಂತೆ ಮಾಡಬಹುದು ಎಂಬುದು ಅವರ ವಾದ. ನಾನು ದುಂಡಗಿನ ಅಕ್ಷರದಲ್ಲಿ ಬರೆದು ತಂದೆ: ‘ಇದೇ ತಾಲ್ಲೂಕಿನ ಕಾರಿಗನೂರಿನಲ್ಲಿ 1930ರಲ್ಲಿ ಜನಿಸಿ, 1967ರಲ್ಲಿ ಶಿವಮೊಗ್ಗ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾಗಿ, ಆ ಸಭೆಯಲ್ಲಿ ಮೊಟ್ಟಮೊದಲು ಕನ್ನಡದಲ್ಲಿ ಮಾತನಾಡಿ, 1996ರಲ್ಲಿ ಮುಖ್ಯಮಂತ್ರಿಯಾಗಿ, 1997ರಲ್ಲಿ ದಾವಣಗೆರೆಯೂ ಸೇರಿದಂತೆ ಏಳು ಹೊಸ ಜಿಲ್ಲೆಗಳನ್ನು ರಚಿಸಿದ ಶ್ರೀಯುತ ಜೆ.ಎಚ್. ಪಟೇಲರು ನಮ್ಮೆಲ್ಲರ ಹೆಮ್ಮೆಯಾಗಿದ್ದಾರೆ.’ ಒಂದೇ ವಾಕ್ಯ. ಕಾಗದದ ಮೇಲೆ ರಾಜಗಾಂಭೀರ್ಯ.

‘ಓದು’ ಎಂದರು. ಲೋಕಸಭೆ ತಲುಪುವಷ್ಟರಲ್ಲಿ ನನ್ನ ಉಸಿರು ಮುಗಿಯಿತು. ಮೇಷ್ಟ್ರು ಬೆರಳು ಮಡಚಿ ಎಣಿಸಿ ತೋರಿಸಿದರು: 1967 ಬರೆಯಲು ನಾಲ್ಕೇ ಅಂಕಿ, ಬಾಯಿಬಿಟ್ಟು ಹೇಳಿದರೆ ‘ಸಾವಿರದ ಒಂಬೈನೂರ ಅರವತ್ತೇಳು’, ಹದಿಮೂರು ಅಕ್ಷರ. ಇಂಥ ಇಸವಿ ನಾಲ್ಕಿದ್ದರೆ ಪಟೇಲರಿಗೆ ಉಳಿಯುವ ಗಾಳಿ ಎಷ್ಟು? ಇನ್ನೊಂದು ತೊಂದರೆ, ನಮ್ಮ ವಾಕ್ಯದ ಜೀವ ಇರುವುದೇ ಕೊನೆಯಲ್ಲಿ. ಯಾರು, ಎಲ್ಲಿ, ಯಾವಾಗ ಎಲ್ಲ ಆದ ಮೇಲೆ ಏನಾಯಿತು ಎಂಬುದು ಬರುತ್ತದೆ. ಉಸಿರು ಸಾಲದವನು ನುಂಗುವುದು ಅದನ್ನೇ.

ಇದರ ಅನಾಹುತವನ್ನು ಒಂದು ಸಭೆಯಲ್ಲಿ ಕಿವಿಯಾರೆ ಕೇಳಿದ್ದೇನೆ. ಯಾವ ಊರು ಎಂಬುದು ಬೇಡ. ಪರಿಚಯಿಸುತ್ತಿದ್ದವರು ಪಾಪ ಒಳ್ಳೆಯ ಮನುಷ್ಯ, ಬೆವರುತ್ತಿದ್ದರು. ‘ನಮ್ಮ ಅಧ್ಯಕ್ಷರು ಇಷ್ಟು ವರ್ಷಗಳ ಅಧಿಕಾರಾವಧಿಯಲ್ಲಿ ಸಂಘದ ಒಂದೇ ಒಂದು ರೂಪಾಯಿಯನ್ನಾದರೂ ಸ್ವಂತಕ್ಕೆ ಬಳಸಿಕೊಂಡವರು’ ಎಂಬಲ್ಲಿಗೆ ಗಾಳಿ ತೀರಿತು. ನಿಂತರು. ಎಳೆದುಕೊಂಡರು. ‘ಅಲ್ಲ’ ಎನ್ನುವಷ್ಟರಲ್ಲಿ ಹಿಂದಿನ ಸಾಲಿನವರು ಚಪ್ಪಾಳೆ ಹೊಡೆದಾಗಿತ್ತು. ಅಧ್ಯಕ್ಷರು ಮುಂದೆ ಯಾವ ಸಭೆಗೂ ಪರಿಚಯ ಬೇಡವೆಂದರಂತೆ.

ಮೇಷ್ಟ್ರು ಪೆನ್ಸಿಲ್ ತೆಗೆದುಕೊಂಡು ನನ್ನ ವಾಕ್ಯವನ್ನು ಕಡಿದರು. ಒಂದು ಗೀಟು ಎಂದರೆ ಸುಮ್ಮನೆ ನಿಲ್ಲುವುದು, ಉಸಿರು ತೆಗೆದುಕೊಳ್ಳುವುದಲ್ಲ. ಎರಡು ಗೀಟು ಎಂದರೆ ಬಾಯಿ ಮುಚ್ಚಿ, ಮೂಗಿನಿಂದ ಹೊಸ ಉಸಿರು. ‘ಇವರ ಊರು | ಇಲ್ಲೇ ಕಾರಿಗನೂರು || ಲೋಕಸಭೆಗೆ ಹೋದರು || ಅಲ್ಲಿ ಮೊಟ್ಟಮೊದಲು | ಕನ್ನಡದಲ್ಲಿ ಮಾತಾಡಿದರು || ಮುಖ್ಯಮಂತ್ರಿಯಾದರು | ನಮ್ಮ ದಾವಣಗೆರೆಯನ್ನು ಜಿಲ್ಲೆ ಮಾಡಿದರು || ಅವರೇ | ಜೆ.ಎಚ್. ಪಟೇಲರು ||’ ಇಸವಿಗಳೆಲ್ಲ ಹೋದವು. ಒಂದನ್ನಾದರೂ ಉಳಿಸೋಣ ಎಂದು ಗೋಗರೆದೆ. ‘ಒಂದು ಇಟ್ಕೋ. ಆದರೆ ಅದರ ಹಿಂದೆ ಎರಡು ಗೀಟು ಹಾಕು’ ಎಂದು 1967ಕ್ಕೆ ಮಾತ್ರ ಒಪ್ಪಿದರು.

ಒತ್ತು ಕೊಡುವುದರಲ್ಲಿ ಅವರು ಇನ್ನೂ ಜಿಪುಣರು. ಒಂದು ವಾಕ್ಯಕ್ಕೆ ಒಂದೇ ಪದ. ಹೆದರಿದವನು ಒಂದೋ ಯಾವುದಕ್ಕೂ ಒತ್ತು ಕೊಡದೆ ಸಾಲಮನ್ನಾ ಪಟ್ಟಿಯ ಹಾಗೆ ಓದುತ್ತಾನೆ, ಇಲ್ಲವೇ ಸನ್ಮಾನ್ಯ, ಶ್ರೀಯುತ, ಗೌರವಾನ್ವಿತಗಳಿಗೆಲ್ಲ ಒತ್ತು ಕೊಟ್ಟು ಹೆಸರು ಬರುವ ವೇಳೆಗೆ ಸುಸ್ತಾಗಿರುತ್ತಾನೆ. ಪಟೇಲರ ಲೋಕಸಭೆಯ ವಾಕ್ಯದಲ್ಲಿ ಒತ್ತು ಬೀಳಬೇಕಾದದ್ದು ‘ಕನ್ನಡದಲ್ಲಿ’ ಎಂಬುದರ ಮೇಲೆ. ‘ಮಾತಾಡಿದರು’ ಎಂಬುದನ್ನು ಒತ್ತಿದರೆ, ಮಿಕ್ಕವರೆಲ್ಲ ಬಾಯಿ ಮುಚ್ಚಿಕೊಂಡಿದ್ದರು ಎಂದಾಗುತ್ತದೆ. ಒತ್ತುವುದೆಂದರೆ ಕೂಗುವುದೂ ಅಲ್ಲ. ಆ ಪದದ ಹಿಂದೆ ಒಂದು ಗೀಟಿನಷ್ಟು ನಿಂತು, ಪದವನ್ನು ಸ್ವಲ್ಪ ನಿಧಾನ ಮಾಡಿದರೆ ಸಾಕು. ಕೂಗಿದರೆ ಬಾಡಿಗೆ ಮೈಕು ಕುಂಯ್ ಎನ್ನುತ್ತದೆ, ಆಮೇಲೆ ಮೈಕಿನ ಹುಡುಗನೇ ಸಭೆಯ ನಾಯಕ. ಒತ್ತಿನಿಂದ ನನಗಾದ ಲಾಭ ಬೇರೆ. ಮುಂದೆ ಬರುವ ಆ ಒಂದು ಪದದ ಕಡೆ ಮನಸ್ಸು ನಡೆಯುತ್ತಿರುವಾಗ, ಮುಂದಿನ ಸಾಲಿನಲ್ಲಿ ಕೂತ ಬೀಗರ ಮುಖದ ಕಡೆ ಅದಕ್ಕೆ ಬಿಡುವಿರುವುದಿಲ್ಲ.

ಕಷ್ಟವಾದದ್ದು ಎರಡು ಗೀಟಿನ ಮೌನ. ಕೇಳುವವರಿಗೆ ಅದು ಕಣ್ಣು ಮಿಟುಕಿಸಿದಷ್ಟು. ನಿಂತವನಿಗೆ ಭದ್ರಾ ನಾಲೆಗೆ ನೀರು ಬಿಡುವವರೆಗೆ ಕಾದಂತೆ. ಆ ಹೊತ್ತನ್ನು ತುಂಬಲು ಬಾಯಿ ತಾನಾಗಿ ‘ಅಂದ್ರೆ’, ‘ಏನಪ್ಪಾ ಅಂದ್ರೆ’ ಎಂದು ಹೊರಡುತ್ತದೆ. ಮೇಷ್ಟ್ರು ಹೇಳಿಕೊಟ್ಟ ಉಪಾಯ, ತುಟಿ ಮುಚ್ಚುವುದು. ಮುಚ್ಚಿದ ತುಟಿಯಿಂದ ‘ಅಂದ್ರೆ’ ಬರುವುದಿಲ್ಲ, ಮೂಗಿನ ಉಸಿರು ಮೈಕಿಗೂ ಅಷ್ಟಾಗಿ ಕೇಳುವುದಿಲ್ಲ. ಮೈಕೇ ಇಲ್ಲದ ಕಾಲದಲ್ಲಿ, ರಾತ್ರಿಯಿಡೀ, ಬಯಲಿನ ಕೊನೆಯಲ್ಲಿ ಚಾಪೆ ಹಾಸಿದವರಿಗೂ ಮುಟ್ಟುವಂತೆ ಮಾತಾಡಿದ ಹುಡುಗರಿಗೆ ಅವರು ಹೇಳಿದ್ದೂ ಇದನ್ನೇ ಅಂತೆ. ಆ ಹುಡುಗರೆಲ್ಲ ಈಗ ಮಂಡಿನೋವಿನ ಅಜ್ಜಂದಿರು. ಸಿಕ್ಕಾಗ ಮಾತಿನ ನಡುವೆ ಅವರು ನಿಲ್ಲುವ ಠೀವಿ ನೋಡಿ ಇವರು ಮೇಷ್ಟ್ರ ಪೈಕಿ ಎಂದು ಗುರುತು ಹಿಡಿಯುತ್ತೇನೆ.

ಮೇಷ್ಟ್ರು ಹೋದ ಮೇಲೆ ಒಬ್ಬರು ಭತ್ತದ ವಿಜ್ಞಾನಿಯನ್ನು ಪರಿಚಯಿಸುವ ಸರದಿ ಬಂತು. ಅವರು ಕಳಿಸಿದ ಬಯೋಡಾಟಾ ಮೂರು ಪುಟ. ಅದರಲ್ಲಿ ನಾನು ಇಟ್ಟುಕೊಂಡದ್ದು ಮೂರು ಸಂಗತಿ: ಅವರ ಊರು, ಅವರು ಕೆಲಸ ಮಾಡುತ್ತಿದ್ದ ಬೆಂಕಿರೋಗ, ಅದರಿಂದ ನಮ್ಮ ಗದ್ದೆಗೆ ಆಗಬಹುದಾದ ಉಪಕಾರ. ಮೊದಲೆರಡು ವಾಕ್ಯ ಬಾಯಿಪಾಠ, ಎದೆ ಹೊಡೆದುಕೊಳ್ಳುವುದು ಹೆಚ್ಚು ಅಲ್ಲೇ ಆದ್ದರಿಂದ. ಎದ್ದು ಹೋಗಿ ಮೈಕಿನ ಕತ್ತು ಸರಿಮಾಡುವ ನೆಪದಲ್ಲಿ ಉಸಿರು ಪೂರ್ತಿ ಬಿಟ್ಟೆ. ‘ಎಲ್ಲರಿಗೂ ನಮಸ್ಕಾರ’ ಎಂದು ಎರಡು ಗೀಟು ನಿಂತೆ. ಉಡಿದಾರ ಬಿಗಿಯಿತು. ‘ಬೆಂಕಿರೋಗ’ ಎಂಬುದನ್ನು ನಿಧಾನವಾಗಿ ಹೇಳಿದಾಗ ಮಾತಾಡುತ್ತಿದ್ದವರು ತಿರುಗಿ ನೋಡಿದರು. ಹೆಸರನ್ನು ಕೊನೆಗೆ ಹೇಳಿ ಸುಮ್ಮನಾದೆ, ಚಪ್ಪಾಳೆ ತಾನಾಗಿ ಬಂತು. ಕಾಲು ಮೊದಲಿನಂತೆಯೇ ನಡುಗುತ್ತಿತ್ತು.

ಕೂತ ಮೇಲೆ ವಿಜ್ಞಾನಿಗಳು ನನ್ನ ಕೈಯಲ್ಲಿದ್ದ ಹಾಳೆಯನ್ನೇ ನೋಡಿದರು. ‘ಇದೇನ್ ಸಾರ್ ಗೀಟು, ನಾಟಿ ಸಾಲಿನ ಅಂತರವಾ?’ ಎಂದು ಪಿಸುಗುಟ್ಟಿದರು. ಉದ್ಘಾಟನೆಯ ದೀಪಕ್ಕೆ ಗಾಳಿ ಅಡ್ಡ ಬಂದು ಬೆಂಕಿಕಡ್ಡಿಗಳು ಸಾಲುಸಾಲಾಗಿ ಆರುತ್ತಿದ್ದವು, ವಿವರಿಸಲು ಬೇಕಾದಷ್ಟು ಹೊತ್ತು ಸಿಕ್ಕಿತು. ಅವರು ಜೇಬಿನಿಂದ ಪೆನ್ನು ತೆಗೆದು ತಮ್ಮ ಭಾಷಣದ ಹಾಳೆಗಳ ಮೇಲೆಲ್ಲ ಜೋಡಿ ಗೀಟು ಎಳೆಯತೊಡಗಿದರು. ಅರ್ಧ ಗಂಟೆಯ ಭಾಷಣ ಮುಕ್ಕಾಲು ಗಂಟೆಗೆ ಹೋಯಿತು. ಊಟಕ್ಕೆ ಯಾಕೆ ಇಷ್ಟು ತಡ ಎಂದು ಅಡುಗೆಯವರು ಕೇಳಿದಾಗ ನಾನು ಮೂಗಿನಿಂದ ಉಸಿರು ತೆಗೆದುಕೊಂಡು ಸುಮ್ಮನಿದ್ದೆ.