ಅಪ್ಪನ ಕಾಲಿನ ಆರಿಂಚು

ನಮ್ಮಪ್ಪಂಗೆ ಸಕ್ಕರೆ ಕಾಯಿಲೆ. ಗಾಯ ಕೊಳೆತು ಕಪ್ಪಾಗಿದ್ದು ಪಾದ ಮಾತ್ರ. ಆದ್ರೆ ಡಾಕ್ಟ್ರು ತೆಗೆದಿದ್ದು ಮಂಡಿ ಕೆಳಗೆ ಆರಿಂಚು ಉಳಿಸಿ. ಯಲಹಂಕದ ಮನೆಗೆ ನೋಡೋಕೆ ಬಂದೋರೆಲ್ಲ "ಅಷ್ಟು ಮೇಲಕ್ಕೆ ಯಾಕೆ?" ಅಂತಿದ್ರು. ಹರಡಿನ ಹತ್ರ ಮೂಳೆ ಮೇಲೆ ಬರೀ ಚರ್ಮ, ರಕ್ತ ಓಡಾಟಾನೂ ಕಮ್ಮಿ, ಹೊಲಿಗೆ ಕೂಡೋದು ಕಷ್ಟ. ಮೇಲಾದ್ರೆ ಮೀನಖಂಡದ ಮಾಂಸಾನ ಮುಂದಕ್ಕೆ ಮಡಚಿ ಮೂಳೆ ತುದಿಗೆ ಮೆತ್ತೆ ಮಾಡ್ತಾರೆ. ಇನ್ನೂ ಮೇಲಾದ್ರೆ ಕೃತಕ ಕಾಲಿಗೆ ಹಿಡಿತ ಸಿಗಲ್ಲ.

ಪಾಪ ಅಂತ ಅಮ್ಮ ಮಂಡಿ ಕೆಳಗೆ ದಿಂಬು ಇಟ್ಟಿದ್ರು. ಫಿಸಿಯೋ ಮೇಡಂ ತೆಗೆಸಿದ್ರು. ಮಂಡಿ ಬಾಗಿದ ಹಾಗೇ ಬಿಗಿದ್ರೆ ಆಮೇಲೆ ನೆಟ್ಟಗೆ ನಿಲ್ಲೋಕಾಗಲ್ಲ. ಅದಕ್ಕೇ ದಿನಾ ಬೋರಲು ಮಲಗೋದು, ಮಂಡಿ ಚಾಚೋದು, ಊತ ಇಳಿಯೋಕೆ ಬ್ಯಾಂಡೇಜು ಸುತ್ತೋದು.

ಎರಡು ತಿಂಗಳಿಗೆ ಅಳತೆ ಕೊಟ್ವಿ. "ಎಲ್ಲೆಲ್ಲಿ ನಡೀಬೇಕು?" ಅಂತ ಕೇಳಿದ್ರು. ಅಪ್ಪ, "ಮೊದಲು ಬಚ್ಚಲು, ಆಮೇಲೆ ಬರಿಗಾಲಲ್ಲಿ ದೇವರ ಮನೆ, ಕೊನೆಗೆ ಹೆಬ್ಬಾಳದ ಬಸ್ಸು" ಅಂದ್ರು. ಬರಿಗಾಲು ಅಂದಿದ್ದಕ್ಕೆ ರಬ್ಬರಿನ ಜೈಪುರ ಪಾದ ಹಾಕಿದ್ರು.

ಉಳಿದ ಕಾಲು ತಿಂಗಳುಗಟ್ಟಲೆ ಬತ್ತುತ್ತೆ. ಆಗ ಕೃತಕ ಕಾಲಿನ ಬಟ್ಟಲು ಸಡಿಲಾಗಿ, ಕಾಲು ಒಳಕ್ಕಿಳಿದು ತುದಿ ಒತ್ತುತ್ತೆ. ಇನ್ನೊಂದು ಕಾಲುಚೀಲ ಏರಿಸಿದ್ರೆ ಸರಿಹೋಗತ್ತೆ. ಆದ್ರೆ ಬಿಚ್ಚಿದ ಹತ್ತು ನಿಮಿಷಕ್ಕೂ ಕೆಂಪು ಮಾಸದಿದ್ರೆ ನಡೆಯೋದು ನಿಲ್ಲಿಸಿ, ಮಾಡಿಕೊಟ್ಟೋರಿಗೆ ತೋರಿಸಬೇಕು. ಸಕ್ಕರೆ ಇರೋರಿಗೆ ನೋವು ಗೊತ್ತಾಗದೇ ಇರಬಹುದು. ಹಂಗಾಗಿ ನಮ್ಮನೇಲಿ ದಿನಾ ರಾತ್ರಿ ಅಮ್ಮ ಕನ್ನಡಿ ಹಿಡೀತಾರೆ, ಅಪ್ಪ ನೋಡ್ಕೋತಾರೆ.